ಇತ್ತೀಚಿನ ಟೆಸ್ಟಿಗೆ ಜಾಸ್ತಿ ತೂಕ: ಮಕ್ಕಳ ಅಂಕಗಳ ಸರಾಸರಿ ತೆಗೆಯುವ ಕ್ರಮ

ಎಸ್‌ಎಸ್‌ಎಲ್‌ಸಿಯ ಇಬ್ಬರು ಮಕ್ಕಳನ್ನು ತೆಗೆದುಕೊಳ್ಳಿ. ಪೋರ್ಷನ್ ಮುಗಿದ ಮೇಲೆ ಗಣಿತದಲ್ಲಿ ಆರು ಪೂರ್ತಿ ಪೋರ್ಷನ್ ಟೆಸ್ಟ್ ಆಗಿದೆ. ಹುಡುಗಿಗೆ ಬಂದದ್ದು ಶೇಕಡಾ 42, 48, 55, 61, 70, 72. ಹುಡುಗನದ್ದು ಸರೀ ತಿರುಗುಮುರುಗು: 72, 70, 61, 55, 48, 42. ಆರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ ಇಬ್ಬರಿಗೂ 58. ಪಟ್ಟಿಯಲ್ಲಿ ಅಕ್ಕಪಕ್ಕ ಒಂದೇ ಅಂಕ ಕೂರುತ್ತದೆ. ಆದರೆ ಮುಂದಿನ ವಾರ ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡಬೇಕು ಅಂತ ಕೇಳಿದರೆ ಯಾವ ಮೇಷ್ಟ್ರಿಗೂ ಅನುಮಾನ ಇರುವುದಿಲ್ಲ, ಅಲ್ವಾ?

ಈ ವ್ಯತ್ಯಾಸವನ್ನು ಅಂಕೆಯಲ್ಲೇ ತೋರಿಸುವ ಲೆಕ್ಕಕ್ಕೆ ಘಾತೀಯ ತೂಕದ ಸರಾಸರಿ ಎನ್ನುತ್ತಾರೆ. ಉಡುಪಿ, ಮಂಗಳೂರು ಕಡೆ ಮನೆಯಲ್ಲೇ ಟ್ಯೂಷನ್ ನಡೆಸುವವರಿಗೆ, ಕ್ಲಾಸ್ ಟೀಚರ್‌ಗಳಿಗೆ, ಮಕ್ಕಳ ಅಂಕ ಬರೆದಿಡುವ ಹೆತ್ತವರಿಗೆ ಉಪಯೋಗ ಆಗಲಿ ಅಂತ ಇದನ್ನು ಮಾಡುವ ಕ್ರಮ ಬರೆಯುತ್ತಿದ್ದೇನೆ. ಇದು ನಿಮ್ಮ ಸ್ವಂತ ಪುಸ್ತಕದ ಲೆಕ್ಕ. ಶಾಲೆಯ ಎಫ್‌ಎ, ಎಸ್‌ಎ ಅಂಕಗಳನ್ನು ಇಲಾಖೆ ಹೇಳಿದ ಹಾಗೆಯೇ ತುಂಬಬೇಕು, ಅಲ್ಲಿ ಇದನ್ನು ತರಬೇಡಿ.

ಯಾವ ಟೆಸ್ಟುಗಳಿಗೆ ಇದು ಹೊಂದುತ್ತದೆ

ಶುರು ಮಾಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಹಳೆಯ ಟೆಸ್ಟಿನ ತೂಕ ಇಳಿಸುವುದು ನ್ಯಾಯ ಆಗಬೇಕಾದರೆ, ಹೊಸ ಟೆಸ್ಟ್ ಅದೇ ವಿಷಯವನ್ನು ಮತ್ತೆ ಕೇಳಿರಬೇಕು. ಪೂರ್ತಿ ಪೋರ್ಷನ್ ಟೆಸ್ಟಿನಲ್ಲಿ ಹಾಗೆ ಆಗುತ್ತದೆ. ಕೆಸಿಇಟಿ, ನೀಟ್‌ಗೆ ಬರೆಯುವ ಮಾಕ್ ಟೆಸ್ಟಿನಲ್ಲೂ ಆಗುತ್ತದೆ. ವಾರಕ್ಕೊಂದು ಉಕ್ತಲೇಖನ, ಮಗ್ಗಿ, ಇಂಗ್ಲಿಷ್ ಗ್ರಾಮರ್ ಇವಕ್ಕೂ ಸರಿ.

ಪಾಠಕ್ಕೊಂದರಂತೆ ಮಾಡುವ ಟೆಸ್ಟಿಗೆ ಮಾತ್ರ ಬೇಡ. ಜೂನ್‌ನಲ್ಲಿ ಸಮಾಂತರ ಶ್ರೇಢಿಯಲ್ಲಿ 35 ಬಂತು, ನವೆಂಬರ್‌ನಲ್ಲಿ ತ್ರಿಕೋನಮಿತಿಯಲ್ಲಿ 80 ಬಂತು ಅಂತಿಟ್ಟುಕೊಳ್ಳಿ. ಇಲ್ಲಿ 35 ಹಳೆಯದು ಎಂದು ತೂಕ ಇಳಿಸಿದರೆ, ಆ ಮಗುವಿಗೆ ಶ್ರೇಢಿ ಇನ್ನೂ ಬರುವುದಿಲ್ಲ ಎಂಬ ಸಂಗತಿಯನ್ನೇ ಮುಚ್ಚಿಟ್ಟ ಹಾಗಾಯಿತು. ಸರಾಸರಿ ಚಂದ ಕಾಣುತ್ತದೆ, ಪಬ್ಲಿಕ್ ಪರೀಕ್ಷೆಯಲ್ಲಿ ಶ್ರೇಢಿಯ ಲೆಕ್ಕ ಬಂದಾಗ ಬಣ್ಣ ಬಯಲಾಗುತ್ತದೆ. ಪಾಠವಾರು ಅಂಕಕ್ಕೆ ಪಾಠಕ್ಕೊಂದು ಸಾಲು ಇಡುವುದೇ ಒಳ್ಳೆಯದು.

ಎಲ್ಲರೂ ಬರೆಯುವ ಸೂತ್ರ, ಮತ್ತು ಅದರೊಳಗಿನ ಎಡವಟ್ಟು

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಸೂತ್ರ ಇದು:

```
ಹೊಸ ಸರಾಸರಿ = 0.3 × ಹೊಸ ಅಂಕ + 0.7 × ಹಿಂದಿನ ಸರಾಸರಿ
```

0.3 ಹೊಸ ಟೆಸ್ಟಿನ ಪಾಲು, 0.7 ಹಳೆಯದರ ಪಾಲು. ಎರಡೂ ಸೇರಿ 1 ಆಗಬೇಕು. ಪ್ರತಿ ಹೊಸ ಟೆಸ್ಟ್ ಬಂದಾಗ ಹಳೆಯದೆಲ್ಲ 0.7ರಿಂದ ಗುಣಿಸಿಕೊಂಡು ಕುಗ್ಗುತ್ತದೆ. ಒಂದು ಟೆಸ್ಟ್ ಹಿಂದಿನದ್ದಕ್ಕೆ 0.7, ಎರಡು ಹಿಂದಿನದ್ದಕ್ಕೆ 0.49, ಮೂರು ಹಿಂದಿನದ್ದಕ್ಕೆ 0.343. ಅಂದರೆ ಹೆಚ್ಚುಕಮ್ಮಿ ಎರಡು ಟೆಸ್ಟ್ ಕಳೆಯುವಾಗ ಒಂದು ಅಂಕದ ತೂಕ ಅರ್ಧಕ್ಕೆ ಇಳಿದಿರುತ್ತದೆ.

ಹಿಂದಿನ ಸರಾಸರಿ ಬೇಕು ಎನ್ನುತ್ತದೆ ಸೂತ್ರ. ಮೊದಲ ಟೆಸ್ಟಿನ ದಿನ ಅದು ಎಲ್ಲಿಂದ ಬರಬೇಕು? ಆಗ ಎಲ್ಲರೂ ಮಾಡುವುದು ಒಂದೇ, ಮೊದಲ ಅಂಕವನ್ನೇ ಮೊದಲ ಸರಾಸರಿ ಅಂತ ಇಟ್ಟುಬಿಡುವುದು. ಹುಡುಗಿಯ ಅಂಕ ಹಾಕಿ ನೋಡೋಣ. ಮೊದಲು 42. ಎರಡನೆಯದಕ್ಕೆ 0.3 × 48 + 0.7 × 42, ಅಂದರೆ 43.8. ಹೀಗೇ ಮುಂದುವರಿದರೆ 47.2, 51.3, 56.9, ಕೊನೆಗೆ 61.4.

58ಕ್ಕಿಂತ ಪರವಾಗಿಲ್ಲ ಅನಿಸುತ್ತದೆ. ಆದರೆ ಈ 61.4ರೊಳಗೆ ಯಾವ ಟೆಸ್ಟಿಗೆ ಎಷ್ಟು ತೂಕ ಸಿಕ್ಕಿದೆ ಅಂತ ಬಿಡಿಸಿ ನೋಡಿ. ಕೊನೆಯ ಟೆಸ್ಟಿಗೆ ಶೇ. 30, ಐದನೆಯದಕ್ಕೆ 21, ನಾಲ್ಕನೆಯದಕ್ಕೆ 14.7, ಮೂರನೆಯದಕ್ಕೆ 10.3, ಎರಡನೆಯದಕ್ಕೆ 7.2. ಇಲ್ಲಿವರೆಗೆ ಸರಿಯಾಗಿ ಇಳಿಯುತ್ತಾ ಬಂತು. ಮೊದಲನೆಯದಕ್ಕೆ? ಶೇ. 16.8!

ಎಲ್ಲಕ್ಕಿಂತ ಹಳೆಯ ಟೆಸ್ಟ್ ನಾಲ್ಕನೆಯ ಟೆಸ್ಟಿಗಿಂತ ಜಾಸ್ತಿ ತೂಗುತ್ತಿದೆ. ಹಳೆಯದಕ್ಕೆ ಕಡಿಮೆ ತೂಕ ಕೊಡಬೇಕು ಅಂತಲೇ ಹೊರಟವರು ನಾವು! ಕಾರಣ ಸರಳ. ಉಳಿದ ಅಂಕಗಳೆಲ್ಲ ಒಳಗೆ ಬರುವಾಗ 0.3ರಿಂದ ಗುಣಿಸಿಕೊಂಡೇ ಬರುತ್ತವೆ. ಮೊದಲ ಅಂಕ ಮಾತ್ರ ಆ ಬಾಗಿಲು ದಾಟದೆ ಪೂರ್ತಿ 1 ಆಗಿ ಒಳಗೆ ಕೂತಿರುತ್ತದೆ.

ಈ ವಿಧಾನ 1950ರ ದಶಕದಲ್ಲಿ ಬೆಳೆದದ್ದು ಸರಕಿನ ಬೇಡಿಕೆಯನ್ನು ಅಂದಾಜು ಮಾಡಲಿಕ್ಕೆ. ಅಮೆರಿಕದ ರಾಬರ್ಟ್ ಬ್ರೌನ್ ಮತ್ತು ಚಾರ್ಲ್ಸ್ ಹೋಲ್ಟ್ ಬೇರೆಬೇರೆಯಾಗಿ ಈ ಕೆಲಸ ಮಾಡಿದರು. ಅಂಥ ಕಡೆ ಅಂಕೆಗಳ ಸಾಲು ಉದ್ದ ಇರುತ್ತದೆ, ಶುರುವಿನ ಒಂದು ಅಂಕೆ ಬೇಗ ಕರಗಿಹೋಗುತ್ತದೆ. ನಮ್ಮಲ್ಲೂ ಹತ್ತನೇ ಟೆಸ್ಟಿನ ಹೊತ್ತಿಗೆ ಮೊದಲ ಅಂಕದ ತೂಕ ಶೇ. 4ಕ್ಕೆ ಇಳಿದಿರುತ್ತದೆ. ಆದರೆ ಐದಾರು ಟೆಸ್ಟ್ ಆಗುವಷ್ಟರಲ್ಲಿ ಮಕ್ಕಳು ಪರೀಕ್ಷೆಗೆ ಹೊರಟಿರುತ್ತಾರೆ. ನಮಗೆ ಶುರುವಿನಲ್ಲೇ ಲೆಕ್ಕ ಸರಿ ಇರಬೇಕು.

ಎರಡು ಮೊತ್ತ ಇಟ್ಟುಕೊಳ್ಳಿ

ಪರಿಹಾರಕ್ಕೆ ದೊಡ್ಡ ಗಣಿತ ಬೇಡ. ಒಂದು ಸರಾಸರಿಯ ಬದಲು ಎರಡು ಮೊತ್ತ ಇಟ್ಟುಕೊಂಡರೆ ಸಾಕು: ಅಂಕದ ಮೊತ್ತ, ತೂಕದ ಮೊತ್ತ. ಎರಡೂ ಸೊನ್ನೆಯಿಂದ ಶುರು. ಪ್ರತಿ ಟೆಸ್ಟಿಗೆ ಹಳೆಯ ಅಂಕದ ಮೊತ್ತವನ್ನು 0.7ರಿಂದ ಗುಣಿಸಿ ಹೊಸ ಅಂಕ ಕೂಡಿಸಿ. ಹಳೆಯ ತೂಕದ ಮೊತ್ತವನ್ನು 0.7ರಿಂದ ಗುಣಿಸಿ 1 ಕೂಡಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸರಾಸರಿ.

ಹುಡುಗಿಯದ್ದನ್ನೇ ಮಾಡೋಣ. ಮೊದಲ ಟೆಸ್ಟ್ ಆದ ಮೇಲೆ ಅಂಕದ ಮೊತ್ತ 42, ತೂಕದ ಮೊತ್ತ 1. ಸರಾಸರಿ 42. ಎರಡನೆಯದಕ್ಕೆ ಅಂಕದ ಮೊತ್ತ 0.7 × 42 + 48 = 77.4. ತೂಕದ ಮೊತ್ತ 0.7 × 1 + 1 = 1.7. ಭಾಗಿಸಿದರೆ 45.5. ಮೂರನೆಯದಕ್ಕೆ 0.7 × 77.4 + 55 = 109.18, ತೂಕ 2.19, ಸರಾಸರಿ 49.9. ಹೀಗೆ ಮುಂದುವರಿದರೆ 54.3, 59.9, ಕೊನೆಗೆ 188.34ನ್ನು 2.941ರಿಂದ ಭಾಗಿಸಿ 64.0.

ಈಗ ತೂಕ ನೋಡಿ. ಹೊಸದರಿಂದ ಹಳೆಯದಕ್ಕೆ ಶೇ. 34, 23.8, 16.7, 11.7, 8.2, 5.7. ಎಲ್ಲೂ ಹಿಮ್ಮುಖ ಇಲ್ಲ. ಹುಡುಗನಿಗೆ ಇದೇ ಲೆಕ್ಕ ಹಾಕಿದರೆ 51.8 ಬರುತ್ತದೆ. ಪುಸ್ತಕದ ಸೂತ್ರ ಅವನಿಗೆ 54.2 ಕೊಡುತ್ತಿತ್ತು. ಅಂದರೆ ಆ ಸೂತ್ರ ಹುಡುಗಿಯ ಏರಿಕೆಯನ್ನೂ ಕಡಿಮೆ ತೋರಿಸಿತು, ಹುಡುಗನ ಇಳಿಕೆಯನ್ನೂ ಕಡಿಮೆ ತೋರಿಸಿತು. ಅದರ ಪ್ರಕಾರ ಇಬ್ಬರ ನಡುವೆ ಏಳು ಅಂಕದ ಅಂತರ, ಸರಿಯಾಗಿ ತೂಗಿದರೆ ಹನ್ನೆರಡು.

ಶೀಟಿನಲ್ಲಿ ಹಾಕುವುದು

ಕಂಪ್ಯೂಟರ್ ಅಥವಾ ಮೊಬೈಲ್‌ನ ಯಾವ ಸ್ಪ್ರೆಡ್‌ಶೀಟ್ ಆದರೂ ಆಗುತ್ತದೆ. A ಕಾಲಂನಲ್ಲಿ ಟೆಸ್ಟಿನ ತಾರೀಕು, B ಕಾಲಂನಲ್ಲಿ ಶೇಕಡಾ ಅಂಕ. C ಅಂಕದ ಮೊತ್ತ, D ತೂಕದ ಮೊತ್ತ, E ಸರಾಸರಿ. H1 ಸೆಲ್‌ನಲ್ಲಿ 0.7 ಬರೆದಿಡಿ. ಎರಡನೇ ಸಾಲಿನ C2, D2 ಎರಡರಲ್ಲೂ 0 ಹಾಕಿ. ಟೆಸ್ಟುಗಳು ಮೂರನೇ ಸಾಲಿನಿಂದ ಶುರು. ಆ ಸಾಲಿನ C3, D3, E3ಯಲ್ಲಿ ಕ್ರಮವಾಗಿ ಇವನ್ನು ಹಾಕಿ ಕೆಳಗೆ ಎಳೆಯಿರಿ:

```
=IF(ISNUMBER(B3), B3+$H$1*C2, C2)
=IF(ISNUMBER(B3), 1+$H$1*D2, D2)
=IF(D3=0, "", C3/D3)
```

ISNUMBER ಯಾಕೆ ಅಂದರೆ, ಟೆಸ್ಟಿಗೆ ಬಾರದವರಿಗೆ ನಾವು AB ಅಂತ ಬರೆಯುತ್ತೇವೆ. ಹಾಗೆ ಬರೆದ ಸಾಲನ್ನು ಈ ಸೂತ್ರ ಸುಮ್ನೆ ದಾಟಿ ಹೋಗುತ್ತದೆ, ಹಿಂದಿನ ಸರಾಸರಿ ಹಾಗೆಯೇ ನಿಲ್ಲುತ್ತದೆ. ಬಾರದವರಿಗೆ 0 ಮಾತ್ರ ಹಾಕಬೇಡಿ. ಕೊನೆಯ ಟೆಸ್ಟಿಗೆ ಮೂರನೇ ಒಂದು ಪಾಲು ತೂಕ ಇರುವ ಲೆಕ್ಕದಲ್ಲಿ ಒಂದು ಸೊನ್ನೆ ಬಿದ್ದರೆ, ಜ್ವರ ಬಂದು ಮಲಗಿದ ಮಗು ಓದದ ಮಗುವಿನ ಹಾಗೆ ಕಾಣುತ್ತದೆ.

ಸರಾಸರಿ ಇದ್ದಕ್ಕಿದ್ದಂತೆ ಸಾವಿರಗಟ್ಟಲೆಗೆ ಏರಿದರೆ ಗಾಬರಿ ಬೇಡ. ಯಾರೋ B ಕಾಲಂನಲ್ಲಿ 80 ಎಂದು ಬರೆಯುವ ಬದಲು 8/10 ಅಂತ ಟೈಪ್ ಮಾಡಿದ್ದಾರೆ. ಶೀಟ್ ಅದನ್ನು ತಾರೀಕು ಎಂದುಕೊಂಡಿದೆ. ತಾರೀಕಿನ ಒಳಗಿನ ಬೆಲೆ ಈಗ 45,000ಕ್ಕೂ ಮೇಲೆ ಇರುವುದರಿಂದ ಲೆಕ್ಕ ಹಾರಿಹೋಗುತ್ತದೆ. ಸೆಲ್‌ನ ಫಾರ್ಮ್ಯಾಟ್ ನಂಬರ್ ಮಾಡಿ, ಶೇಕಡಾ ಅಂಕ ಬರೆಯಿರಿ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ: ಅಂಕದ ಮುಂದೆ ಅಪಾಸ್ಟ್ರಫಿ ಬಿದ್ದು ಅದು ಅಕ್ಷರವಾಗಿ ಉಳಿದರೆ, ಸೂತ್ರ ಆ ಮಗು ಬಂದೇ ಇಲ್ಲ ಎಂದುಕೊಳ್ಳುತ್ತದೆ. ಹೊಸ ಅಂಕ ಹಾಕಿದ ಮೇಲೂ E ಕದಲದಿದ್ದರೆ ಇದನ್ನೇ ಮೊದಲು ನೋಡಿ.

0.7 ಯಾಕೆ? 0.5 ಆಗುವುದಿಲ್ಲವಾ?

ಆಗುತ್ತದೆ, ಆದರೆ ಅದಕ್ಕೆ ತೆರಬೇಕಾದ ಬೆಲೆ ಉಂಟು. ಹಳೆಯದರ ಪಾಲನ್ನು 0.5 ಮಾಡಿದರೆ ನಮ್ಮ ಹುಡುಗಿಯ ಸರಾಸರಿ 67.8ಕ್ಕೆ ಏರುತ್ತದೆ. ಏರುವ ಮಕ್ಕಳನ್ನು ಅದು ಬೇಗ ಹಿಂಬಾಲಿಸುತ್ತದೆ. ಈಗ ಏಳನೇ ಟೆಸ್ಟಿನ ಹಿಂದಿನ ರಾತ್ರಿ ಊರಿನ ಬಯಲಲ್ಲಿ ಯಕ್ಷಗಾನ ಇತ್ತು ಅಂತಿಟ್ಟುಕೊಳ್ಳಿ. ಮನೆಯವರೆಲ್ಲ ಬೆಳಗಿನವರೆಗೆ ಆಟ ನೋಡಿದರು. ಹುಡುಗಿ ನಿದ್ದೆಗಣ್ಣಲ್ಲಿ ಬಂದು ಬರೆದದ್ದು 45.

ಸಾದಾ ಸರಾಸರಿ 58ರಿಂದ 56.1ಕ್ಕೆ ಇಳಿಯುತ್ತದೆ, ಅಷ್ಟೇ. 0.7 ಇಟ್ಟವರ ಸರಾಸರಿ 64.0ರಿಂದ 57.8ಕ್ಕೆ, ಆರು ಅಂಕ ಇಳಿಕೆ. 0.5 ಇಟ್ಟವರದ್ದು 67.8ರಿಂದ 56.3ಕ್ಕೆ ಬೀಳುತ್ತದೆ, ಹನ್ನೊಂದೂವರೆ ಅಂಕ ಹೋಯಿತು. ಒಂದು ರಾತ್ರಿಯ ಆಟಕ್ಕೆ ಇಷ್ಟು ದಂಡ ಜಾಸ್ತಿಯಾಯಿತು. ಮುಂದಿನ ವಾರ ಅವಳು 74 ತೆಗೆದರೆ 0.7ರ ಲೆಕ್ಕ 63ಕ್ಕೆ ವಾಪಸು ಬರುತ್ತದೆ.

ಟೆಸ್ಟಿನಿಂದ ಟೆಸ್ಟಿಗೆ ಆಗುವ ಇಂಥ ಏರುಪೇರನ್ನು ತಡೆದುಕೊಳ್ಳುವ ಶಕ್ತಿಯನ್ನು ಹೀಗೆ ಅಂದಾಜು ಮಾಡಬಹುದು. ಟೆಸ್ಟುಗಳು ಸಾಕಷ್ಟು ಆದ ಮೇಲೆ 0.5ರ ಲೆಕ್ಕ ಮೂರು ಟೆಸ್ಟಿನ ಸಾದಾ ಸರಾಸರಿಯಷ್ಟು ಗಟ್ಟಿ. 0.7 ಇಟ್ಟರೆ ಐದೂವರೆ ಟೆಸ್ಟಿಗಿಂತ ಸ್ವಲ್ಪ ಮೇಲೆ. 0.8 ಇಟ್ಟರೆ ಒಂಬತ್ತು. ವಾರಕ್ಕೊಂದು ಟೆಸ್ಟ್ ಮಾಡುವ ಕಡೆ ನಾನು 0.7 ಹೇಳುತ್ತೇನೆ. ತಿಂಗಳಿಗೊಂದೇ ಟೆಸ್ಟ್ ಇದ್ದರೆ 0.6 ಕೂಡ ಇಡಬಹುದು, ಯಾಕೆಂದರೆ ಒಂದು ತಿಂಗಳಲ್ಲಿ ಮಗು ನಿಜವಾಗಿಯೂ ಬದಲಾಗಿರುತ್ತದೆ.

ನಿಮ್ಮ ಬ್ಯಾಚಿಗೆ ಯಾವುದು ಹೊಂದುತ್ತದೆ ಅಂತ ಪರೀಕ್ಷಿಸಲಿಕ್ಕೂ ಆಗುತ್ತದೆ. ಕಳೆದ ವರ್ಷದ ಅಂಕ ತೆಗೆದುಕೊಳ್ಳಿ. ಪ್ರತಿ ಟೆಸ್ಟಿನ ಅಂಕವನ್ನು ಅದರ ಹಿಂದಿನ ಸಾಲಿನ E ಜೊತೆ ಹೋಲಿಸಿ ಎಷ್ಟು ತಪ್ಪಿತು ನೋಡಿ. ಪ್ಲಸ್ ಮೈನಸ್ ಬಿಟ್ಟು ಆ ಅಂತರಗಳ ಸರಾಸರಿ ತೆಗೆಯಿರಿ. H1ರಲ್ಲಿ 0.5, 0.6, 0.7, 0.8 ಒಂದೊಂದಾಗಿ ಹಾಕಿ, ಯಾವುದಕ್ಕೆ ಅಂತರ ಕಡಿಮೆಯೋ ಅದು. ಒಂದೇ ಮಗುವಿನ ಅಂಕದಿಂದ ಇದನ್ನು ತೀರ್ಮಾನ ಮಾಡಬೇಡಿ. ನಮ್ಮ ಹುಡುಗಿಯ ಮೊದಲ ಆರು ಟೆಸ್ಟ್ ನೋಡಿದರೆ 0.5ಕ್ಕೆ ಸರಾಸರಿ ಅಂತರ 9.4, 0.7ಕ್ಕೆ 10.9. ಅದು ಅವಳು ಏರುತ್ತಿದ್ದಾಳೆ ಎಂಬುದನ್ನಷ್ಟೇ ಹೇಳುತ್ತದೆ. ಇಡೀ ಬ್ಯಾಚಿನ ಅಂಕ ಹಾಕಿದಾಗಲೇ ಉತ್ತರಕ್ಕೆ ಅರ್ಥ.

"ಎಂತ ಸರ್, 72 ಬಂದದ್ದಲ್ವಾ?"

ಶೀಟ್ ತೋರಿಸಿದ ಕೂಡಲೇ ಹೆತ್ತವರಿಂದ ಬರುವ ಪ್ರಶ್ನೆ ಇದು. ಅವಳಿಗೆ ಈಗ 72 ಬರುತ್ತಿದೆ, ನೀವು 64 ಅಂತ ಬರೆದಿದ್ದೀರಲ್ಲ, ಯಾಕೆ? ಕೇಳುವುದರಲ್ಲಿ ನ್ಯಾಯ ಉಂಟು. ಯಾವ ಸರಾಸರಿಯೂ ಏರುವ ಮಗುವಿನ ಹಿಂದೆಯೇ ನಡೆಯುತ್ತದೆ. ಪ್ರತಿ ಟೆಸ್ಟಿಗೆ ಆರು ಅಂಕದಂತೆ ಒಂದೇ ಸಮ ಏರುತ್ತಾ ಹೋಗುವ ಮಗುವಿದ್ದರೆ, 0.7ರ ಲೆಕ್ಕ ಕೊನೆಗೆ ಅದರ ಈಗಿನ ಮಟ್ಟಕ್ಕಿಂತ 14 ಅಂಕ ಹಿಂದೆ ಉಳಿಯುತ್ತದೆ. 0.5 ಇಟ್ಟರೆ ಆರು ಅಂಕ ಹಿಂದೆ. ಹಾಗಾಗಿ ಈ 64ನ್ನು ಪಬ್ಲಿಕ್ ಪರೀಕ್ಷೆಯಲ್ಲಿ ಬರುವ ಅಂಕದ ಭವಿಷ್ಯ ಎಂದು ಹೇಳಬೇಡಿ.

ಹಿಂದೆ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಪ್ರತಿ ಟೆಸ್ಟಿನಲ್ಲೂ ಬಂದ ಅಂಕ ಹಿಂದಿನ ಸರಾಸರಿಗಿಂತ ಮೇಲೆಯೇ ಇದ್ದರೆ ಸರಾಸರಿ ಹಿಂದೆ ಬಿದ್ದಿದೆ. ಪ್ರತಿ ಸಲವೂ ಕೆಳಗೇ ಇದ್ದರೆ ಮಗು ಇಳಿಯುತ್ತಿದೆ, ಸರಾಸರಿ ಅದಕ್ಕೆ ಇರುವುದಕ್ಕಿಂತ ಒಳ್ಳೆಯ ಬಣ್ಣ ಕೊಡುತ್ತಿದೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುತ್ತಿದ್ದರೆ ಆ ಸಂಖ್ಯೆಯನ್ನು ನಂಬಬಹುದು. ಹೋಲ್ಟ್ 1957ರಲ್ಲೇ ಏರಿಕೆಯ ವೇಗವನ್ನೂ ಸೇರಿಸಿ ಲೆಕ್ಕ ಹಾಕುವ ದಾರಿ ತೋರಿಸಿದ್ದರು. ಆರೇಳು ಟೆಸ್ಟಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ಅಷ್ಟು ಕಡಿಮೆ ಅಂಕಗಳಲ್ಲಿ ಏರಿಕೆ ಯಾವುದು, ಅದೃಷ್ಟ ಯಾವುದು ಅಂತ ಬೇರ್ಪಡಿಸಲು ಬರುವುದಿಲ್ಲ. ಸರಾಸರಿಯ ಪಕ್ಕದಲ್ಲಿ ಕೊನೆಯ ಎರಡು ಟೆಸ್ಟಿನ ಅಂಕವನ್ನೂ ಬರೆದು ತೋರಿಸಿ: "64, ಕೊನೆಯ ಎರಡು 70, 72." ಹೆತ್ತವರಿಗೂ ಅರ್ಥ ಆಗುತ್ತದೆ.

ಕಷ್ಟದ ಪೇಪರ್ ಬಂದರೆ

ಇತ್ತೀಚಿನದಕ್ಕೆ ಜಾಸ್ತಿ ತೂಕ ಕೊಟ್ಟಾಗ ಇತ್ತೀಚಿನ ಪೇಪರಿನ ಕಷ್ಟವೂ ಜಾಸ್ತಿ ತೂಗುತ್ತದೆ. ಒಂದು ವಾರ ಪೇಪರ್ ಬಿಗಿಯಾಗಿತ್ತು ಎಂದರೆ ಇಡೀ ಬ್ಯಾಚಿನ ಸರಾಸರಿ ಒಟ್ಟಿಗೆ ಕುಸಿಯುತ್ತದೆ. ಎಲ್ಲರದ್ದೂ ಒಂದೇ ದಿನ ಇಳಿದರೆ ತಪ್ಪು ಮಕ್ಕಳದ್ದಲ್ಲ, ಪೇಪರಿನದ್ದು.

ಇದಕ್ಕೆ B ಕಾಲಂನಲ್ಲಿ ಅಂಕದ ಬದಲು, ಆ ಟೆಸ್ಟಿನಲ್ಲಿ ಬ್ಯಾಚಿನ ನಡುವಿನ ಅಂಕಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂಬುದನ್ನು ಹಾಕಬಹುದು. ನಡುವಿನ ಅಂಕ ಅಂದರೆ ಎಲ್ಲರನ್ನೂ ಕ್ರಮವಾಗಿ ನಿಲ್ಲಿಸಿದಾಗ ಮಧ್ಯದಲ್ಲಿ ನಿಲ್ಲುವವರ ಅಂಕ. ಹತ್ತು ಹನ್ನೆರಡು ಮಕ್ಕಳ ಬ್ಯಾಚಿಗೆ ಇದು ಸರಾಸರಿಗಿಂತ ಒಳ್ಳೆಯದು, ಒಬ್ಬ 98 ತೆಗೆದ ಮಾತ್ರಕ್ಕೆ ಕದಲುವುದಿಲ್ಲ. ಬ್ಯಾಚಿನ ನಡುವಿನ ಅಂಕ 60 ಇದ್ದ ವಾರ ಹುಡುಗಿ 72 ತೆಗೆದಿದ್ದರೆ +12. ಕಷ್ಟದ ಪೇಪರಿನಲ್ಲಿ ನಡುವಿನ ಅಂಕ 44ಕ್ಕೆ ಇಳಿದಾಗ ಅವಳು 58 ತೆಗೆದರೆ +14. ಅಂಕ 14 ಕಡಿಮೆಯಾಯಿತು, ಆದರೆ ಅವಳು ಇಳಿದಿಲ್ಲ. ಒಂದೇ ಮಿತಿ: ಇಡೀ ಬ್ಯಾಚು ಒಟ್ಟಿಗೆ ಸುಧಾರಿಸಿದರೆ ಈ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ಶೇಕಡಾ ಅಂಕದ ಶೀಟನ್ನು ಬಿಸಾಡಬೇಡಿ, ಎರಡನ್ನೂ ಇಡಿ.

ಮಳೆ ರಜೆ, ದಸರಾ ರಜೆ

ವರ್ಷವಿಡೀ ಉಕ್ತಲೇಖನ, ಗ್ರಾಮರ್ ಟೆಸ್ಟ್ ಮಾಡುವವರಿಗೆ ಕರಾವಳಿಯಲ್ಲಿ ಒಂದು ವಿಶೇಷ ತಾಪತ್ರಯ. ಜೂನ್, ಜುಲೈಯಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ವಾರದ ಟೆಸ್ಟ್ ಮುಂದೆ ಹೋಗುತ್ತದೆ. ಒಂದೆರಡು ವಾರ ಆಚೀಚೆ ಆದರೆ ಏನೂ ಮಾಡುವುದು ಬೇಡ. ಟೆಸ್ಟ್ ಆಗದ ವಾರಕ್ಕೆ ಸಾಲೇ ಬೇಡ.

ದಸರಾ ರಜೆಯಂಥ ಮೂರು ವಾರದ ಬಿಡುವು ಬಂದಾಗ ಬೇಕಿದ್ದರೆ ಹಳೆಯ ಎರಡು ಮೊತ್ತಗಳನ್ನೂ 0.7ರಿಂದ ಮೂರು ಸಲ ಗುಣಿಸಿ, ಅಂದರೆ ಒಟ್ಟು 0.343ರಿಂದ, ಆಮೇಲೆ ಹೊಸ ಅಂಕ ಕೂಡಿಸಬಹುದು. ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದ್ದರಿಂದ ರಜೆಯಲ್ಲಿ ಸರಾಸರಿ ಬದಲಾಗುವುದಿಲ್ಲ. ರಜೆ ಮುಗಿಸಿ ಬಂದ ಮೇಲಿನ ಮೊದಲ ಟೆಸ್ಟಿಗೆ ಮಾತ್ರ ತೂಕ ಏರುತ್ತದೆ. ಅಲ್ಲೇ ನನಗೆ ಅಳುಕು. ರಜೆ ಮುಗಿದ ಮರುದಿನದ ಟೆಸ್ಟ್ ಮಕ್ಕಳು ಮರೆತದ್ದನ್ನು ತೋರಿಸುತ್ತದೆ, ಎರಡು ವಾರದಲ್ಲಿ ಅದು ನೆನಪಿಗೆ ಬರುತ್ತದೆ. ಅಂಥ ಟೆಸ್ಟಿಗೆ ಜಾಸ್ತಿ ತೂಕ ಕೊಡುವ ಬದಲು ಮೊದಲ ವಾರ ಅಂಕ ಬರೆಯದ ಒಂದು ಟೆಸ್ಟ್ ಮಾಡಿ, ಎರಡನೇ ವಾರದಿಂದ ಶೀಟಿಗೆ ಏರಿಸುವುದು ವಾಸಿ.

ಪೋರ್ಷನ್ ಬದಲಾದಾಗ, ಅಂದರೆ ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಬಂದಾಗ, ಹಳೆಯ ಮೊತ್ತಗಳನ್ನು ಮುಂದಕ್ಕೆ ಎಳೆಯಬೇಡಿ. ಹೊಸ ಶೀಟ್ ತೆಗೆದು C2, D2ನಲ್ಲಿ ಮತ್ತೆ 0 ಹಾಕಿ. ಮೂರು ಟೆಸ್ಟ್ ಆಗುವವರೆಗೆ E ಕಾಲಂ ಅನ್ನು ಯಾರಿಗೂ ತೋರಿಸಬೇಡಿ.